ಪರೀಕ್ಷೆಯ ದಿನದ ಐದು ವಕ್ತ್

(ಯುವ ವಿದ್ಯಾರ್ಥಿಗಳ ಶಿಬಿರದಲ್ಲಿ ಮಾಡಿದ ಭಾಷಣದ ಸಾರಾಂಶ)



ಪ್ರೀತಿಯ ಮಕ್ಕಳೇ, ನಮಾಝ್ ನಿರ್ವಹಿಸಬೇಕು ಎಂಬುದು ನಿಮಗೆ ಗೊತ್ತಿರುವ ವಿಷಯ. ಅದನ್ನು ಮತ್ತೊಮ್ಮೆ ಹೇಳಲು ನಾವು ಇಲ್ಲಿ ನಿಂತಿಲ್ಲ. ಹತ್ತನೇ ತರಗತಿಗೆ ಬರುವವರೆಗೆ ತಂದೆಯ ಕೈ ಹಿಡಿದು ಮಸೀದಿಗೆ ಬರುತ್ತಿದ್ದ ಮಕ್ಕಳು ಪಿಯುಸಿ ಮುಗಿಯುವಷ್ಟರಲ್ಲಿ ಜುಮಾಕ್ಕೆ ಮಾತ್ರ ಕಾಣಿಸುತ್ತಾರೆ. ಇವರಲ್ಲಿ ಯಾರೂ ಒಂದು ದಿನ ಕುಳಿತು ನಮಾಝ್ ಬಿಡುವ ತೀರ್ಮಾನ ಮಾಡಿದವರಲ್ಲ. ಹಾಗಾದರೆ ಅದು ಕೈ ತಪ್ಪಿದ್ದು ಎಲ್ಲಿ? ಇಂದು ನಾವು ಆ ಜಾಗವನ್ನು ಹುಡುಕೋಣ.

ಮೊದಲು ಪರೀಕ್ಷೆ. ಸತ್ಯವಿಶ್ವಾಸಿಗಳಿಗೆ ನಮಾಝನ್ನು ಸಮಯ ನಿಗದಿಪಡಿಸಿ ಕಡ್ಡಾಯಗೊಳಿಸಲಾಗಿದೆ ಎಂದು ಸೂರಃ ಅನ್ನಿಸಾದಲ್ಲಿ ಅಲ್ಲಾಹನು ತಿಳಿಸಿದ್ದಾನೆ. ಸಮಯ ನಿಗದಿಯಾಗಿದೆ ಎಂದರೆ ಅದಕ್ಕೆ ಆರಂಭವೂ ಇದೆ, ಕೊನೆಯೂ ಇದೆ, ನಡುವೆ ವಿಶಾಲವಾದ ಜಾಗವೂ ಇದೆ. ಬೋರ್ಡ್ ಪರೀಕ್ಷೆಗಳು ಬೆಳಗ್ಗೆ ಆರಂಭವಾಗಿ ಮಧ್ಯಾಹ್ನಕ್ಕೆ ಮುಗಿಯುತ್ತವೆ. ಮನೆಗೆ ಬಂದು ನೆಮ್ಮದಿಯಿಂದ ಲುಹರ್ ನಿರ್ವಹಿಸಬಹುದು. ಕಷ್ಟ ಬರುವುದು ನೀಟ್‌ನಂತಹ ಪರೀಕ್ಷೆಯಲ್ಲಿ. ಅದರ ಲೆಕ್ಕವನ್ನೇ ನೋಡೋಣ.

2025ರಲ್ಲಿ ನೀಟ್ ನಡೆದದ್ದು ಮೇ 4ರಂದು, ಮಧ್ಯಾಹ್ನ 2ರಿಂದ 5ರವರೆಗೆ. ಗೇಟು 1.30ಕ್ಕೆ ಮುಚ್ಚುತ್ತದೆ. ಮೇ ಮೊದಲ ವಾರದಲ್ಲಿ ಮಂಗಳೂರಿನಲ್ಲಿ ಲುಹರ್ ಆರಂಭವಾಗುವುದು ಸುಮಾರು 12.30ಕ್ಕೆ, ಬೆಂಗಳೂರಿನಲ್ಲಿ ಹತ್ತು ನಿಮಿಷ ಮೊದಲು. ಶಾಫಿಈ ಮದ್‌ಹಬ್ ಪ್ರಕಾರ ಮಂಗಳೂರಿನಲ್ಲಿ ಅಸರ್ ಸುಮಾರು 3.40ಕ್ಕೆ ಆರಂಭವಾಗುತ್ತದೆ. ಹನಫಿ ಮದ್‌ಹಬ್ ಪ್ರಕಾರ 4.50ರ ಸುಮಾರಿಗೆ. ಸೂರ್ಯಾಸ್ತ 6.45ರ ಆಸುಪಾಸಿಗೆ. ಈಗ ನೀವೇ ಹೇಳಿ, ಅಪಾಯದಲ್ಲಿರುವುದು ಯಾವ ನಮಾಝ್? ಅಸರ್ ಅಲ್ಲ. 5ಕ್ಕೆ ಹೊರಬಂದವರಿಗೆ ಅಸರ್‌ಗೆ ಇನ್ನೂ ಒಂದೂವರೆ ಗಂಟೆಗಿಂತ ಹೆಚ್ಚು ಸಮಯ ಉಳಿದಿರುತ್ತದೆ. ಅಪಾಯದಲ್ಲಿರುವುದು ಲುಹರ್ ಮಾತ್ರ. ಎರಡೂ ಮದ್‌ಹಬ್‌ಗಳ ಪ್ರಕಾರ, ನೀವು ಉತ್ತರ ಬರೆಯುತ್ತಿರುವಾಗಲೇ ಅದರ ಸಮಯ ಮುಗಿದುಹೋಗುತ್ತದೆ.

ಆದ್ದರಿಂದ ಅದನ್ನು ಒಳಗೆ ಹೋಗುವ ಮೊದಲೇ ನಿರ್ವಹಿಸಬೇಕು. ಮನೆಯಿಂದಲೇ ವುಝೂ ಮಾಡಿ ಹೊರಡಿ. ಸೆಂಟರ್ ನೋಡಲು ಹಿಂದಿನ ದಿನ ಹೋಗುತ್ತೀರಲ್ಲ, ಆಗಲೇ ಹತ್ತಿರದ ಮಸೀದಿಯನ್ನೋ ನೆರಳಿರುವ ಒಂದು ಸ್ವಚ್ಛ ಜಾಗವನ್ನೋ ನೋಡಿಟ್ಟುಕೊಳ್ಳಿ. 12.30 ದಾಟಿದ ಕೂಡಲೇ ನಾಲ್ಕು ರಕ್‌ಅತ್ ಫರ್ಳ್ ನಿರ್ವಹಿಸಿದರೆ ಐದಾರು ನಿಮಿಷ ಸಾಕು. 12.45ಕ್ಕೆ ನೀವು ಸರತಿಯಲ್ಲಿರುತ್ತೀರಿ.

ಹೆಣ್ಣು ಮಕ್ಕಳಿಗೆ ಇನ್ನೊಂದು ಮಾತು. ಸಾಂಪ್ರದಾಯಿಕ ಉಡುಪಿನಲ್ಲಿ ಬರುವವರು ತಪಾಸಣೆಗಾಗಿ ಬೇಗ ಬರಬೇಕೆಂಬ ಸೂಚನೆ ಇರುವುದರಿಂದ ನೀವು ಲುಹರ್‌ಗೆ ಮೊದಲೇ ಒಳಗೆ ಹೋಗಬೇಕಾಗಬಹುದು. ಒಳಗೆ ಕಾಯುವ ಸಮಯ ದೀರ್ಘವಾಗಿರುತ್ತದೆ. ಮೇಲ್ವಿಚಾರಕರಲ್ಲಿ ವಿನಯದಿಂದ ಐದು ನಿಮಿಷ ಕೇಳಿ. ಮುಸಲ್ಲಾ ಬೇಕೆಂದಿಲ್ಲ, ಶುದ್ಧವಾದ ನೆಲ ಸಾಕು. ಅನುಮತಿ ಸಿಗದಿದ್ದರೆ ಏನು ಮಾಡಬೇಕೆಂದು ವಾರದ ಮೊದಲೇ ನಿಮ್ಮ ಉಸ್ತಾದರಲ್ಲಿ ಕೇಳಿಟ್ಟುಕೊಳ್ಳಿ. ಗೇಟಿನ ಬಳಿ ನಿಂತು ಫೋನ್ ಮಾಡುವ ಪ್ರಶ್ನೆಯಲ್ಲ ಇದು.

ಸೆಂಟರ್ ದೂರದ ಊರಿನಲ್ಲಿದ್ದರೆ? ಶರೀಅತ್ ಹೇಳುವ ಪ್ರಯಾಣದ ದೂರವಿದ್ದರೆ ಶಾಫಿಈ ಮದ್‌ಹಬ್‌ನವರು ಲುಹರನ್ನು ಅಸರ್ ಸಮಯಕ್ಕೆ ಮುಂದೂಡಿ ಎರಡನ್ನೂ ಜಂಅ್ ಮಾಡಬಹುದು. ಆದರೆ ಮುಂದೂಡುವ ನಿಯ್ಯತ್ತನ್ನು ಲುಹರ್ ಸಮಯ ಮುಗಿಯುವ ಮೊದಲೇ ಮಾಡಿರಬೇಕು ಮತ್ತು ಊರು ತಲುಪುವ ಮೊದಲು ಎರಡನ್ನೂ ನಿರ್ವಹಿಸಿರಬೇಕು. "ಮನೆಗೆ ಹೋಗಿ ನೋಡೋಣ" ಎಂದು ಬಸ್ಸಿನಲ್ಲಿ ಮಲಗಿದರೆ ಈ ಸೌಲಭ್ಯ ಕೈ ತಪ್ಪುತ್ತದೆ. ಹನಫಿ ಮದ್‌ಹಬ್‌ನಲ್ಲಿ ಪ್ರಯಾಣಕ್ಕಾಗಿ ಹೀಗೆ ಜಂಅ್ ಮಾಡುವುದಿಲ್ಲ. ಅವರು ಲುಹರನ್ನು ಅದರ ಸಮಯದಲ್ಲೇ, ಪ್ರಯಾಣಿಕರಾಗಿದ್ದರೆ ಕಸ್ರ್ ಮಾಡಿ ಎರಡು ರಕ್‌ಅತ್ ನಿರ್ವಹಿಸಬೇಕು.

ನೋಡಿದಿರಾ ಮಕ್ಕಳೇ, ವರ್ಷದ ಅತಿ ಕಠಿಣವಾದ ಪರೀಕ್ಷೆಯ ದಿನವೂ ಒಂದೇ ಒಂದು ವಕ್ತ್‌ಗೆ ಮಾತ್ರ ತೊಡಕಾಯಿತು. ಅದಕ್ಕೂ ದಾರಿಯಿತ್ತು. ಹಾಗಾದರೆ ಉಳಿದ ದಿನಗಳ ನಮಾಝನ್ನು ಕಸಿದುಕೊಂಡವರು ಯಾರು?

ಸುಬ್‌ಹಿಯನ್ನು ಕಸಿದದ್ದು ಬಹುತೇಕ ಮೊಬೈಲ್. ಅದೂ ಬೆಳಗಿನ ಹೊತ್ತಲ್ಲ, ಹಿಂದಿನ ರಾತ್ರಿ. ಇಶಾದ ಮೊದಲು ನಿದ್ರಿಸುವುದನ್ನೂ ಇಶಾದ ನಂತರ ಹರಟೆಯಲ್ಲಿ ಕೂರುವುದನ್ನೂ ಪ್ರವಾದಿ(ಸ)ರು ಇಷ್ಟಪಡುತ್ತಿರಲಿಲ್ಲ ಎಂದು ಬುಖಾರಿಯಲ್ಲಿದೆ. ಇಂದು ಹರಟೆಗೆ ಗೆಳೆಯರು ಮನೆಗೆ ಬರಬೇಕಾಗಿಲ್ಲ, ಅವರೆಲ್ಲ ದಿಂಬಿನ ಪಕ್ಕದಲ್ಲೇ ಇದ್ದಾರೆ. ಓದು ಮುಗಿಸಿ ಹನ್ನೊಂದಕ್ಕೆ "ಐದು ನಿಮಿಷ ರೀಲ್ಸ್" ಎಂದು ತೆರೆದವನು ಒಂದು ಗಂಟೆಗೆ ಮಲಗುತ್ತಾನೆ. ಅದೇ ಮೊಬೈಲಿನಲ್ಲಿ ಐದಕ್ಕೆ ಅಲಾರಂ ಹೊಡೆದರೆ ಹೆಬ್ಬೆರಳು ನಿದ್ದೆಯಲ್ಲೇ ಅದನ್ನು ನಿಲ್ಲಿಸುತ್ತದೆ. ಮೊಬೈಲನ್ನು ಹಾಲ್‌ನಲ್ಲಿ ಚಾರ್ಜಿಗೆ ಹಾಕಿ ಬನ್ನಿ, ಅಲಾರಂ ಅಲ್ಲೇ ಹೊಡೆಯಲಿ. ನಿಲ್ಲಿಸಲು ಎದ್ದು ನಡೆದವನು ವುಝೂವಿನ ನಳ್ಳಿಗೆ ಅರ್ಧ ದಾರಿ ಬಂದಂತೆ. ಅಂದ ಹಾಗೆ, ನಮಾಝಿನ ಆ್ಯಪ್ ಇದ್ದರೆ ಅದರಲ್ಲಿ ಅಸರ್‌ನ ಲೆಕ್ಕ ಶಾಫಿಈಯೋ ಹನಫಿಯೋ ಎಂದು ಇಂದೇ ನೋಡಿ. ಎರಡರ ನಡುವೆ ಒಂದು ಗಂಟೆಗಿಂತ ಹೆಚ್ಚು ಅಂತರವಿದೆ.

ಮಗ್ರಿಬ್ ಹೋಗುವುದು ಟ್ಯೂಷನ್ ಮತ್ತು ಆಟದ ಮೈದಾನದಲ್ಲಿ. ಅದರ ಸಮಯ ಒಂದು ಗಂಟೆ ಹತ್ತು ನಿಮಿಷದ ಸುಮಾರು, ಅಷ್ಟೇ. ಟ್ಯೂಷನ್ ಏಳೂಕಾಲಿಗೆ ಮುಗಿದರೆ ಅಲ್ಲೇ ನಿರ್ವಹಿಸಿ ಹೊರಡಿ. ಎಂಟರವರೆಗೆ ಇದ್ದರೆ ಮೇಷ್ಟ್ರಲ್ಲಿ ಮೊದಲ ದಿನವೇ ಹೇಳಿ. ಮೊದಲ ದಿನ ಹೇಳಿದ್ದು ನಿಮ್ಮ ಪದ್ಧತಿಯಾಗುತ್ತದೆ, ಮೂರನೇ ತಿಂಗಳು ಹೇಳಿದರೆ ನೆಪದಂತೆ ಕಾಣುತ್ತದೆ. ಗೆಳೆಯರ ವಿಷಯದಲ್ಲೂ ಹಾಗೆಯೇ. "ನಮಾಝ್ ಮಾಡಿ ಐದು ನಿಮಿಷದಲ್ಲಿ ಬರ್ತೇನೆ" ಎಂದರೆ ಹಿಂದೂ, ಕ್ರೈಸ್ತ ಗೆಳೆಯರು ಸಾಮಾನ್ಯವಾಗಿ "ಹೋಗಿ ಬಾ" ಎನ್ನುತ್ತಾರೆ. "ಏನೋ, ದೊಡ್ಡ ಮುಸ್ಲಿಯಾರ್ ಆದ್ಯಾ?" ಎಂದು ನಗುವವರು ಹೆಚ್ಚಾಗಿ ನಮ್ಮವರೇ. ಅವರೊಂದಿಗೆ ವಾದ ಬೇಡ. "ನೀನೂ ಬಾ" ಎಂದು ಹೇಳಿ ನಡೆಯಿರಿ. ಹಾಗೆ ನಕ್ಕವನ ಮನಸ್ಸಿನಲ್ಲಿ ತಾನು ಬಿಟ್ಟ ನಮಾಝ್ ಚುಚ್ಚುತ್ತಿರಬಹುದು.

ಕೊನೆಯದಾಗಿ ಅತಿ ದೊಡ್ಡ ಕಳ್ಳನ ಬಗ್ಗೆ ಹೇಳುತ್ತೇವೆ. ಸುಬ್‌ಹಿ ತಪ್ಪಿದ ಹುಡುಗ "ಇವತ್ತು ಹೇಗೂ ಹೋಯಿತು, ನಾಳೆಯಿಂದ ಸರಿಯಾಗಿ ಶುರು ಮಾಡೋಣ" ಎನ್ನುತ್ತಾನೆ. ಒಂದು ಹೋದದ್ದು ಐದಾಗುತ್ತದೆ. ನಾಳೆ ಎಂಬುದು ಶುಕ್ರವಾರವಾಗುತ್ತದೆ, ಆಮೇಲೆ ರಮಝಾನ್ ಆಗುತ್ತದೆ. ನಾವು ಆರಂಭದಲ್ಲಿ ಹುಡುಕುತ್ತಿದ್ದ ಜಾಗ ಇದೇ.

ಖೈಬರ್‌ನಿಂದ ಮರಳುವಾಗ ಪ್ರವಾದಿ(ಸ)ರೂ ಸಹಾಬಿಗಳೂ ದಣಿದು ರಾತ್ರಿಯ ಕೊನೆಯಲ್ಲಿ ತಂಗಿದರು. ಎಚ್ಚರವಿರುವ ಹೊಣೆ ಬಿಲಾಲ್(ರ)ರದ್ದಾಗಿತ್ತು. ಅವರಿಗೂ ನಿದ್ದೆ ಬಂತು. ಎಲ್ಲರೂ ಎಚ್ಚರಗೊಂಡದ್ದು ಬಿಸಿಲು ತಾಗಿದಾಗ. ಆಗ ಪ್ರವಾದಿ(ಸ)ರು ಏನು ಮಾಡಿದರು? ಬಿಲಾಲ್‌ರನ್ನು ಗದರಲಿಲ್ಲ. ದಿನ ಹೋಯಿತು ಎನ್ನಲಿಲ್ಲ. ಅಲ್ಲಿಂದ ಸ್ವಲ್ಪ ಮುಂದೆ ಸಾಗಿ, ವುಝೂ ಮಾಡಿ, ಜಮಾಅತ್ ಆಗಿ ಸುಬ್‌ಹಿ ನಿರ್ವಹಿಸಿದರು. ಮರೆತವನು ನೆನಪಾದಾಗ ನಿರ್ವಹಿಸಲಿ ಎಂದು ಕಲಿಸಿದರು. ಮುಸ್ಲಿಮ್‌ನಲ್ಲಿ ಇದರ ವರದಿಯಿದೆ. ಏಳೂವರೆಗೆ ಎಚ್ಚರವಾಯಿತೇ? ಹಲ್ಲುಜ್ಜುವಾಗಲೇ ವುಝೂ ಮಾಡಿ ಖಝಾ ಮುಗಿಸಿ ಕಾಲೇಜಿಗೆ ಹೊರಡಿ. ಅಂದಿನ ಲುಹರ್ ತಾನಾಗಿ ಉಳಿಯುತ್ತದೆ.

ಈಗ ಊಟಕ್ಕೆ ಏಳುವ ಮೊದಲು ಒಂದು ಕೆಲಸ ಮಾಡೋಣ. ಒಂದು ಹಾಳೆಯಲ್ಲಿ ನಾಳೆಯ ಐದು ವಕ್ತ್‌ಗಳ ಆರಂಭ ಮತ್ತು ಕೊನೆಯನ್ನು ಬರೆಯಿರಿ. ಪಕ್ಕದಲ್ಲಿ ಆ ಹೊತ್ತಿಗೆ ನೀವು ಎಲ್ಲಿರುತ್ತೀರಿ ಎಂದು ಬರೆಯಿರಿ. ಸಿಕ್ಕಿಕೊಳ್ಳುವ ವಕ್ತ್ ಯಾವುದೆಂದು ಕಂಡರೆ ಅದಕ್ಕೊಂದು ಗೆರೆ ಎಳೆದು ನಮ್ಮ ಬಳಿ ತನ್ನಿ, ಒಟ್ಟಿಗೆ ದಾರಿ ಹುಡುಕೋಣ.

ಅಲ್ಲಾಹನು ನಿಮ್ಮ ಓದಿನಲ್ಲಿ ಬರ್ಕತ್ ನೀಡಲಿ, ನಿಮ್ಮನ್ನು ನಮಾಝ್ ಉಳಿಸಿಕೊಳ್ಳುವವರ ಸಾಲಿನಲ್ಲಿ ಸೇರಿಸಲಿ. ಆಮೀನ್.

ವಸ್ಸಲಾಮು ಅಲೈಕುಮ್ ವ ರಹ್ಮತುಲ್ಲಾಹ್.