ಬೆಳೆ ಸಾಲದ ಗಡುವು: ಒಂದು ದಿನ ತಡವಾದರೆ ಎಷ್ಟು ನಷ್ಟ?



ನಿಮ್ಮಲ್ಲಿ ಅನೇಕರ ಮನೆಯ ಕಪಾಟಿನಲ್ಲಿ ಪಹಣಿ ಪತ್ರಗಳ ಜೊತೆಗೆ ಕಿಸಾನ್ ಕ್ರೆಡಿಟ್ ಕಾರ್ಡಿನ ಒಂದು ಪಾಸ್ ಪುಸ್ತಕವೂ ಇರುತ್ತದೆ. 1998-99ರಲ್ಲಿ ಆರಂಭವಾದ ಈ ಯೋಜನೆಯಿಂದ, ಪ್ರತಿ ಹಂಗಾಮಿಗೂ ಹೊಸ ಅರ್ಜಿ ಹಾಕಿ ಬೆಳೆ ಸಾಲ ಪಡೆಯುವ ಕಷ್ಟ ರೈತರಿಗೆ ತಪ್ಪಿತು. ಒಮ್ಮೆ ಮಿತಿ ನಿಗದಿಯಾದರೆ ಬೇಕಾದಾಗ ಬೇಕಾದಷ್ಟು ಹಣ ತೆಗೆಯಬಹುದು. ಕೈಗೆ ಹಣ ಬಂದಾಗ ಕಟ್ಟಬಹುದು. ಈ ಸೌಲಭ್ಯದ ಬಗ್ಗೆ ಬಹಳ ಮಂದಿಗೆ ಗೊತ್ತು. ಆದರೆ ಈ ಸಾಲಕ್ಕೆ ಎಷ್ಟು ಬಡ್ಡಿ ಎಂದು ಕೇಳಿ ನೋಡಿ. ಒಬ್ಬರು ನೂರಕ್ಕೆ ಏಳು ಎನ್ನುತ್ತಾರೆ, ಇನ್ನೊಬ್ಬರು ನಾಲ್ಕು ಎನ್ನುತ್ತಾರೆ, ಮತ್ತೊಬ್ಬರು ಅದಕ್ಕಿಂತ ಬಹಳ ಹೆಚ್ಚು ಕಟ್ಟಿದೆ ಎನ್ನುತ್ತಾರೆ. ವಿಚಿತ್ರವೆಂದರೆ ಮೂವರ ಮಾತೂ ನಿಜ. ಯಾರಿಗೆ ಯಾವ ದರ ಎಂಬುದನ್ನು ತೀರ್ಮಾನಿಸುವುದು ಹಣ ಕಟ್ಟಿದ ತಾರೀಖು. ಈ ತಾರೀಖಿನ ಲೆಕ್ಕವನ್ನು ಈ ಮಾತುಕತೆಯಲ್ಲಿ ಬಿಡಿಸಿ ನೋಡೋಣ.

ಮೊದಲು ಆ ಎರಡು ರಿಯಾಯಿತಿಗಳನ್ನು ಬೇರೆ ಬೇರೆಯಾಗಿ ಗುರುತಿಸಿಕೊಳ್ಳಬೇಕು. 2006-07ರಿಂದ ಮೂರು ಲಕ್ಷ ರೂಪಾಯಿವರೆಗಿನ ಅಲ್ಪಾವಧಿ ಬೆಳೆ ಸಾಲವನ್ನು ರೈತರಿಗೆ ಶೇಕಡಾ 7ರ ದರದಲ್ಲಿ ಕೊಡುವ ವ್ಯವಸ್ಥೆ ಜಾರಿಗೆ ಬಂದಿತು. ಬ್ಯಾಂಕಿನ ಖರ್ಚಿಗೂ ಈ ದರಕ್ಕೂ ನಡುವಿನ ಅಂತರದಲ್ಲಿ ಒಂದು ಪಾಲನ್ನು ಕೇಂದ್ರ ಸರ್ಕಾರ ಬ್ಯಾಂಕಿಗೆ ತುಂಬಿಕೊಡುತ್ತದೆ. 2022-23ರಿಂದ ಆ ಪಾಲು ಶೇಕಡಾ ಒಂದೂವರೆ. 2025-26ಕ್ಕೂ ಅದೇ ಮುಂದುವರಿಯಿತು. ಇದು ಮೊದಲನೆಯ ರಿಯಾಯಿತಿ. ಎರಡನೆಯದು ಸಕಾಲದಲ್ಲಿ ಸಾಲ ತೀರಿಸಿದವರಿಗೆ ಮಾತ್ರ ಸಿಗುವ ಪ್ರೋತ್ಸಾಹ. 2009-10ರಲ್ಲಿ ಇದು ಶೇಕಡಾ 1 ಇತ್ತು, ಮರುವರ್ಷ 2 ಆಯಿತು, 2011-12ರಲ್ಲಿ 3 ಆಯಿತು. ಏಳರಲ್ಲಿ ಮೂರು ಕಳೆದರೆ ನಾಲ್ಕು. ಹಾಗಾಗಿ 'ನಾಲ್ಕು ಪರ್ಸೆಂಟ್ ಸಾಲ' ಎಂಬ ಮಾತು ಬಳಕೆಗೆ ಬಂದಿತು. ಆದರೆ ಕಾರ್ಡು ಇದ್ದ ಮಾತ್ರಕ್ಕೆ ನಾಲ್ಕು ಪರ್ಸೆಂಟ್ ಸಿಗುವುದಿಲ್ಲ. ಗಡುವಿನೊಳಗೆ ಕಟ್ಟಿದರೆ ಸಿಗುತ್ತದೆ.

ಹಾಗಾದರೆ ಗಡುವು ಯಾವುದು? ಬೆಳೆ ಕಟಾವಾಗಿ, ಒಣಗಿ, ಮಾರುಕಟ್ಟೆಗೆ ಹೋಗಿ, ಹಣ ಕೈ ಸೇರಲು ಬೇಕಾಗುವ ಕಾಲವನ್ನು ಅಂದಾಜು ಮಾಡಿ ಬ್ಯಾಂಕು ಒಂದು ತಾರೀಖನ್ನು ನಿಗದಿ ಮಾಡುತ್ತದೆ. ಅದರ ಮೇಲೆ ಸರ್ಕಾರದ ಇನ್ನೊಂದು ಕಟ್ಟು ಇದೆ: ರಿಯಾಯಿತಿಯ ಲೆಕ್ಕ ಹಣ ತೆಗೆದ ದಿನದಿಂದ ಹೆಚ್ಚೆಂದರೆ ಒಂದು ವರ್ಷ. ಬ್ಯಾಂಕಿನ ಗಡುವು ಮತ್ತು ಆ ಒಂದು ವರ್ಷ, ಇವೆರಡರಲ್ಲಿ ಯಾವುದು ಮೊದಲು ಬರುತ್ತದೋ ಅದೇ ನಮ್ಮ ತಾರೀಖು.

ಈಗ ಒಂದು ಲೆಕ್ಕ ಮಾಡೋಣ. ಕಲಬುರಗಿ ಜಿಲ್ಲೆಯ ಒಬ್ಬ ತೊಗರಿ ಬೆಳೆಗಾರರನ್ನು ಕಣ್ಣ ಮುಂದೆ ತಂದುಕೊಳ್ಳಿ. ಐದು ಎಕರೆ ಹೊಲ. ಜೂನ್ 15ರಂದು ಬೀಜ, ಗೊಬ್ಬರ, ಬಿತ್ತನೆಗಾಗಿ 60,000 ರೂಪಾಯಿ ತೆಗೆಯುತ್ತಾರೆ. ಆಗಸ್ಟ್ 20ರಂದು ಕಳೆ ತೆಗೆಸಲು, ಔಷಧಿ ಹೊಡೆಸಲು ಇನ್ನು 40,000. ಒಟ್ಟು ಒಂದು ಲಕ್ಷ. ಬ್ಯಾಂಕು ಕೊಟ್ಟ ಗಡುವು ಮಾರ್ಚ್ 31 ಎಂದಿಟ್ಟುಕೊಳ್ಳೋಣ. ಮೊದಲ ಕಂತು ಆ ದಿನದವರೆಗೆ 289 ದಿನ ಬಳಕೆಯಾಗಿರುತ್ತದೆ, ಎರಡನೆಯದು 223 ದಿನ. ಶೇಕಡಾ 7ರಂತೆ ಸರಳ ಬಡ್ಡಿ ಹಾಕಿದರೆ ಎರಡೂ ಸೇರಿ 5,036 ರೂಪಾಯಿ ಆಗುತ್ತದೆ. ಮಾರ್ಚ್ 31ರೊಳಗೆ ಅಸಲು ಬಡ್ಡಿ ಎರಡನ್ನೂ ಕಟ್ಟಿದರೆ ಶೇಕಡಾ 3ರ ಪ್ರೋತ್ಸಾಹ, ಅಂದರೆ 2,158 ರೂಪಾಯಿ, ಅವರಿಗೆ ವಾಪಸು. ಒಂದು ಲಕ್ಷದ ಸಾಲಕ್ಕೆ ಅವರ ಕೈಯಿಂದ ನಿಜವಾಗಿ ಹೋದ ಬಡ್ಡಿ 2,878 ರೂಪಾಯಿ ಮಾತ್ರ. ಹಣವನ್ನು ಎರಡು ಕಂತಿನಲ್ಲಿ ತೆಗೆದದ್ದರಿಂದಲೂ ಅವರಿಗೆ ಉಳಿತಾಯವಾಯಿತು ಎಂಬುದನ್ನು ಗಮನಿಸಿ. ಜೂನ್‌ನಲ್ಲೇ ಪೂರ್ತಿ ಲಕ್ಷ ತೆಗೆದಿದ್ದರೆ ಆ 40,000ಕ್ಕೆ 66 ದಿನದ ಬಡ್ಡಿ ವ್ಯರ್ಥವಾಗಿ ಬೀಳುತ್ತಿತ್ತು.

ಅದೇ ಹಣವನ್ನು ಏಪ್ರಿಲ್ 1ರಂದು ಕಟ್ಟಿದರೆ? ಕೇವಲ ಒಂದು ದಿನದ ಬಡ್ಡಿ ಹೆಚ್ಚಾಗುತ್ತದೆ ಎಂದು ಅನ್ನಿಸಬಹುದು. ಹಾಗಲ್ಲ. ಪ್ರೋತ್ಸಾಹದ 2,158 ರೂಪಾಯಿ ಪೂರ್ತಿ ಕೈತಪ್ಪುತ್ತದೆ. ಇದು ದಿನಕ್ಕಿಷ್ಟು ಎಂದು ಕರಗುವ ರಿಯಾಯಿತಿಯಲ್ಲ. ಮೆಟ್ಟಿಲಿನ ಹಾಗೆ ಒಂದೇ ಸಲ ಇಳಿದುಬಿಡುತ್ತದೆ. ಗಡುವು ದಾಟಿದ ಮೇಲೆ ಖಾತೆ ಸುಸ್ತಿಯಾಗುತ್ತದೆ. ಅಲ್ಲಿಂದ ಮುಂದೆ ಶೇಕಡಾ 7ರ ದರವೂ ಇಲ್ಲ. ಬ್ಯಾಂಕಿನ ಸಾಮಾನ್ಯ ದರ ಬೀಳುತ್ತದೆ. ಅದುವರೆಗೆ ಸರಳವಾಗಿದ್ದ ಬಡ್ಡಿ ಆರು ತಿಂಗಳಿಗೊಮ್ಮೆ ಅಸಲಿಗೆ ಸೇರುವ ಚಕ್ರಬಡ್ಡಿಯಾಗುತ್ತದೆ. ಮೊದಲಿಗೆ ಹೇಳಿದ ಮೂವರ ಮೂರು ಉತ್ತರಗಳು ಹುಟ್ಟುವುದು ಹೀಗೆ.

ಇಲ್ಲಿ ರೈತರ ಒಂದು ನಿಜವಾದ ಇಕ್ಕಟ್ಟು ಇದೆ. ತೊಗರಿ ರಾಶಿಯಾಗುವುದು ಡಿಸೆಂಬರ್, ಜನವರಿಯಲ್ಲಿ. ಎಲ್ಲರ ಮಾಲೂ ಒಟ್ಟಿಗೆ ಎ.ಪಿ.ಎಂ.ಸಿ. ಅಂಗಳಕ್ಕೆ ಬಂದಾಗ ಬೆಲೆ ಕುಸಿಯುವುದು ಸಹಜ. 'ಸಾಲದ ಸಲುವಾಗಿ ಅಗ್ಗಕ್ಕೆ ಮಾರಬೇಕೇ, ಬೆಲೆ ಏರುವವರೆಗೆ ಚೀಲ ಮನೆಯಲ್ಲೇ ಇಡಬೇಕೇ?' ಎಂಬುದು ಅವರ ಪ್ರಶ್ನೆ. ಇದಕ್ಕೂ ಲೆಕ್ಕವೇ ದಾರಿ ತೋರಿಸುತ್ತದೆ. ನಮ್ಮ ರೈತರಿಗೆ 20 ಕ್ವಿಂಟಲ್ ತೊಗರಿ ಬಂದಿದೆ ಎನ್ನೋಣ. ಜನವರಿ ಕೊನೆಯಿಂದ ಮಾರ್ಚ್ 31ರವರೆಗೆ 59 ದಿನ ಕಾದರೆ, ಶೇಕಡಾ 4ರಂತೆ ಅವರಿಗೆ ತಗಲುವ ಹೆಚ್ಚಿನ ಬಡ್ಡಿ ಸುಮಾರು 647 ರೂಪಾಯಿ, ಅಂದರೆ ಕ್ವಿಂಟಲಿಗೆ 32 ರೂಪಾಯಿ. ಅಷ್ಟು ಬೆಲೆ ಏರಿದರೂ ಬಡ್ಡಿಯ ಮಟ್ಟಿಗೆ ಕಾದದ್ದು ಸರಿಹೋಗುತ್ತದೆ. ಆದರೆ ಗಡುವು ದಾಟಿ ಇನ್ನೊಂದು ತಿಂಗಳು ಕಾಯುವುದೆಂದರೆ ಬೇರೆಯೇ ಮಾತು. ಕೈತಪ್ಪಿದ ಪ್ರೋತ್ಸಾಹ 2,158. ಬ್ಯಾಂಕಿನ ದರ ಶೇಕಡಾ 10 ಎಂದುಕೊಂಡರೆ ಆ ತಿಂಗಳ ಬಡ್ಡಿ 822. ಒಟ್ಟು 2,980 ರೂಪಾಯಿ. ಏಪ್ರಿಲ್ ಒಂದೇ ತಿಂಗಳಲ್ಲಿ ಕ್ವಿಂಟಲಿಗೆ 149 ರೂಪಾಯಿ ಏರಿದರೆ ಮಾತ್ರ ಅವರು ನಷ್ಟವಿಲ್ಲದೆ ಪಾರಾಗುತ್ತಾರೆ.

ಎಲ್ಲವನ್ನೂ ಮಾರಬೇಕು ಅಥವಾ ಎಲ್ಲವನ್ನೂ ಇಡಬೇಕು ಎಂದೇನೂ ಇಲ್ಲ. ಕ್ವಿಂಟಲಿಗೆ 7,000 ರೂಪಾಯಿ ಸಿಕ್ಕಿತು ಎನ್ನಿ. ಹದಿನೈದು ಕ್ವಿಂಟಲ್ ಮಾರಿದರೆ ಸಾಲ ಬಡ್ಡಿಸಹಿತ ಬಹುತೇಕ ತೀರುತ್ತದೆ. ಉಳಿದ ಐದು ಕ್ವಿಂಟಲನ್ನು ನಿಶ್ಚಿಂತೆಯಿಂದ ಇಟ್ಟುಕೊಳ್ಳಬಹುದು. ಸಣ್ಣ ಮತ್ತು ಅತಿ ಸಣ್ಣ ರೈತರಿಗೆ ಇನ್ನೊಂದು ದಾರಿಯೂ ಉಂಟು. ಮಾನ್ಯತೆ ಪಡೆದ ಉಗ್ರಾಣದಲ್ಲಿ ಮಾಲು ಇಟ್ಟು, ಆ ರಸೀದಿಯನ್ನು ಆಧಾರವಾಗಿ ಕೊಟ್ಟರೆ, ಕಾರ್ಡು ಇರುವವರಿಗೆ ಕಟಾವಿನ ನಂತರ ಆರು ತಿಂಗಳವರೆಗೆ ಶೇಕಡಾ 7ರ ದರದಲ್ಲೇ ಸಾಲ ದೊರೆಯುತ್ತದೆ.

ಇನ್ನು ಬಹಳ ಜನ ಎಡವುವ ಒಂದು ಜಾಗವನ್ನು ಹೇಳುತ್ತೇನೆ. ಕಾರ್ಡಿನ ಅವಧಿ ಐದು ವರ್ಷ. 'ಐದು ವರ್ಷದ ಕಾರ್ಡಲ್ಲವೇ, ವರ್ಷ ವರ್ಷ ಬಡ್ಡಿ ಕಟ್ಟಿದರೆ ಸಾಕು, ಅಸಲು ಕೊನೆಗೆ ನೋಡೋಣ' ಎಂದು ತಿಳಿಯುವವರಿದ್ದಾರೆ. ಐದು ವರ್ಷ ಎಂಬುದು ಮಿತಿಯ ಆಯುಷ್ಯ, ಸಾಲದ ಆಯುಷ್ಯವಲ್ಲ. ಪ್ರತಿ ಹಂಗಾಮಿಗೆ ತೆಗೆದ ಹಣಕ್ಕೂ ಅದರದೇ ಗಡುವಿದೆ. ಬಡ್ಡಿ ಮಾತ್ರ ಕಟ್ಟಿ ಅಸಲನ್ನು ಹಾಗೇ ಬಿಟ್ಟರೆ ಸಕಾಲ ಮರುಪಾವತಿಯ ಪ್ರೋತ್ಸಾಹ ಸಿಗುವುದಿಲ್ಲ. ಅಸಲು ಕಟ್ಟಿದ ಮೇಲೆ ಅದೇ ಕಾರ್ಡಿನಲ್ಲಿ ಮುಂದಿನ ಹಂಗಾಮಿಗೆ ಮತ್ತೆ ಹಣ ತೆಗೆಯಲು ಅಡ್ಡಿಯಿಲ್ಲ.

ಇದನ್ನು ತಿಳಿದವರಲ್ಲಿ ಕೆಲವರು ಇನ್ನೊಂದು ಉಪಾಯ ಹೂಡುತ್ತಾರೆ. ಗಡುವಿನ ಹಿಂದಿನ ವಾರ ಖಾಸಗಿಯವರಿಂದ ಕೈಗಡ ತಂದು ಬ್ಯಾಂಕಿಗೆ ಕಟ್ಟುತ್ತಾರೆ, ಕೆಲವು ದಿನದಲ್ಲಿ ಅಷ್ಟೇ ಹಣವನ್ನು ಮತ್ತೆ ತೆಗೆದು ಕೈಗಡ ತೀರಿಸುತ್ತಾರೆ. ಪಾಸ್ ಪುಸ್ತಕದಲ್ಲಿ ಇದು ಸುಲಭವಾಗಿ ಗೊತ್ತಾಗುತ್ತದೆ: ಮಾರ್ಚ್ ಕೊನೆಯಲ್ಲಿ ಪೂರ್ತಿ ಮೊತ್ತ ಜಮಾ, ಏಪ್ರಿಲ್ ಮೊದಲ ವಾರ ಅಷ್ಟೇ ಮೊತ್ತ ಖರ್ಚು. ನೂರಕ್ಕೆ ತಿಂಗಳಿಗೆ ಎರಡರಂತೆ ಹದಿನೈದು ದಿನಕ್ಕೆ ಒಂದು ಲಕ್ಷದ ಕೈಗಡ ಸಾವಿರ ರೂಪಾಯಿ ನುಂಗುತ್ತದೆ. 2,158 ಉಳಿಯಿತಲ್ಲ ಎಂದು ಮೇಲ್ನೋಟಕ್ಕೆ ಲಾಭವಾಗಿ ಕಾಣಬಹುದು. ಆದರೆ ಜೂನ್‌ನಲ್ಲಿ ಬಿತ್ತನೆಗೆ ಬೇಕಾದ ಹಣ ಏಪ್ರಿಲ್‌ನಲ್ಲೇ ಹಳೆಯ ಲೆಕ್ಕಕ್ಕೆ ಹೋಗಿಬಿಟ್ಟಿದೆ. ಬೀಜ ಕೊಳ್ಳಲು ಮತ್ತೆ ಆ ಖಾಸಗಿಯವರ ಬಾಗಿಲಿಗೇ ಹೋಗಬೇಕಾಗುತ್ತದೆ.

ಮಳೆ ಕೈಕೊಟ್ಟು ಬೆಳೆಯೇ ಬಾರದಿದ್ದರೆ ಏನು ಮಾಡುವುದು? 2023ರಲ್ಲಿ ನಮ್ಮ ರಾಜ್ಯದ ಬಹುಪಾಲು ತಾಲ್ಲೂಕುಗಳು ಬರಪೀಡಿತವೆಂದು ಘೋಷಿತವಾದದ್ದು ನಿಮಗೆ ನೆನಪಿರಬಹುದು. ಅಂಥ ಸಂದರ್ಭದಲ್ಲಿ ಬ್ಯಾಂಕು ಬೆಳೆ ಸಾಲವನ್ನು ಹೆಚ್ಚಿನ ಅವಧಿಯ ಸಾಲವಾಗಿ ಪರಿವರ್ತಿಸಲು ಅವಕಾಶವಿದೆ. ಪರಿವರ್ತನೆಯಾದ ಮೊತ್ತಕ್ಕೆ ಮೊದಲ ವರ್ಷ ಬಡ್ಡಿ ಸಹಾಯ ಸಿಗುತ್ತದೆ, ಎರಡನೆಯ ವರ್ಷದಿಂದ ಸಾಮಾನ್ಯ ದರ. ಬರ ಘೋಷಣೆಯಾಯಿತೆಂದು ಮನೆಯಲ್ಲೇ ಸುಮ್ಮನೆ ಕೂತರೆ ಗಡುವು ತನ್ನಷ್ಟಕ್ಕೆ ದಾಟಿಹೋಗುತ್ತದೆ. ಗಡುವಿಗೆ ಮೊದಲೇ ಶಾಖೆಗೆ ಹೋಗಿ ಲಿಖಿತ ಮನವಿ ಕೊಟ್ಟು, ತಮ್ಮ ಖಾತೆ ಪರಿವರ್ತನೆಯಾಗಿದೆಯೇ ಎಂದು ಕೇಳಿ ಖಚಿತಪಡಿಸಿಕೊಳ್ಳಬೇಕು.

ಕರ್ನಾಟಕದ ಸಹಕಾರ ಸಂಘಗಳ ಮಾತನ್ನೂ ಇಲ್ಲಿ ಹೇಳಬೇಕು. ನಮ್ಮ ಊರಿನ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘದಲ್ಲಿ ಅಲ್ಪಾವಧಿ ಬೆಳೆ ಸಾಲಕ್ಕೆ ರಾಜ್ಯ ಸರ್ಕಾರವೂ ತನ್ನ ಪಾಲು ಸೇರಿಸುವುದರಿಂದ ರೈತರಿಗೆ ಬಡ್ಡಿಯೇ ಬೀಳುವುದಿಲ್ಲ. ಈ ಶೂನ್ಯ ಬಡ್ಡಿ ಸಾಲದ ಮಿತಿಯನ್ನು 2023ರ ರಾಜ್ಯ ಬಜೆಟ್ಟಿನಲ್ಲಿ ಮೂರು ಲಕ್ಷದಿಂದ ಐದು ಲಕ್ಷಕ್ಕೆ ಏರಿಸಲಾಯಿತು. ಅಲ್ಲಿಯೂ ಷರತ್ತು ಅದೇ: ಗಡುವಿನೊಳಗೆ ಕಟ್ಟಿದವರಿಗೆ ಮಾತ್ರ ಸೊನ್ನೆ.

ಈಗ ನೀವು ಮಾಡಬಹುದಾದ ಕೆಲಸ ಒಂದಿದೆ. ಮನೆಯ ಪಾಸ್ ಪುಸ್ತಕ ತೆರೆದು, ಹಣ ತೆಗೆದ ತಾರೀಖುಗಳನ್ನೂ ಬ್ಯಾಂಕಿನ ಗಡುವನ್ನೂ ಒಂದು ಹಾಳೆಯಲ್ಲಿ ಬರೆದು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಗಡುವು ಪುಸ್ತಕದಲ್ಲಿ ನಮೂದಾಗಿಲ್ಲದಿದ್ದರೆ ಶಾಖೆಯಲ್ಲಿ ಕೇಳಿ ಬರೆಸಿಕೊಳ್ಳಿ. ಗಡುವಿನ ದಿನ ರಜೆಯಾಗಿದ್ದರೆ ಎಂಬ ಅನುಮಾನವೇ ಬೇಡ, ಒಂದು ವಾರ ಮೊದಲೇ ಕಟ್ಟುವುದು ಲೇಸು. ಕಟ್ಟಿದ ಮೇಲೆ ಶೇಕಡಾ 3ರ ಮೊತ್ತ ಖಾತೆಗೆ ಜಮಾ ಆಯಿತೇ ಎಂದು ನೋಡಿ. ಅನೇಕ ಶಾಖೆಗಳಲ್ಲಿ ಮೊದಲು ಶೇಕಡಾ 7ರಂತೆ ಕಟ್ಟಿಸಿಕೊಂಡು, ಪ್ರೋತ್ಸಾಹದ ಹಣವನ್ನು ಕೆಲವು ತಿಂಗಳ ನಂತರ ಜಮಾ ಮಾಡುತ್ತಾರೆ. ಹಾಗಾಗಿ ಕಟ್ಟಿದ ರಸೀದಿಯನ್ನು ಅದು ಬರುವವರೆಗೂ ಜೋಪಾನವಾಗಿಡಿ. ಈ ರಿಯಾಯಿತಿಗಳನ್ನು ಸರ್ಕಾರ ಕಾಲಕಾಲಕ್ಕೆ ಮುಂದುವರಿಸುತ್ತಾ ಬಂದಿದೆ. ಆದ್ದರಿಂದ ಆಯಾ ವರ್ಷದ ದರ ಎಷ್ಟು ಎಂದು ಹಣ ತೆಗೆಯುವ ದಿನವೇ ವಿಚಾರಿಸಿಕೊಳ್ಳಿ. ಮಾರ್ಚ್‌ನಲ್ಲಿ ಪರೀಕ್ಷೆಯ ಓದಿನ ನಡುವೆ ಅಪ್ಪನಿಗೋ ಅಜ್ಜನಿಗೋ ಆ ತಾರೀಖನ್ನು ನೆನಪಿಸಿದರೆ, ನಮ್ಮ ಲೆಕ್ಕದ ಆ 2,158 ರೂಪಾಯಿ ಮನೆಯಲ್ಲೇ ಉಳಿಯುತ್ತದೆ.