ಒಂದೇ ಪ್ಲಾಸ್ಟಿಕ್, ಎರಡು ಸರಾಸರಿ

(ಸಂಘದ ವಿದ್ಯಾರ್ಥಿಗಳಿಗಾಗಿ ಏರ್ಪಡಿಸಿದ ವಿಜ್ಞಾನ ಉಪನ್ಯಾಸದ ಬರಹ ರೂಪ)



ಗುಜರಿ ವ್ಯಾಪಾರ ನಮ್ಮಲ್ಲಿ ಅನೇಕರ ಮನೆಯನ್ನು ನಡೆಸಿದೆ. ಖಾಲಿ ನೀರಿನ ಬಾಟಲಿಗಳನ್ನು ಆರಿಸಿ, ಬಣ್ಣಕ್ಕೆ ತಕ್ಕಂತೆ ಬೇರ್ಪಡಿಸಿ, ಕತ್ತರಿಸಿ, ತೊಳೆದು ಚೂರು ಮಾಡಿದರೆ ಅದಕ್ಕೆ ಫ್ಲೇಕ್ ಎನ್ನುತ್ತಾರೆ. ಎರಡು ಚೀಲಗಳಲ್ಲಿ ಒಂದೇ ಬಗೆಯ, ಒಂದೇ ಬಿಳುಪಿನ ಫ್ಲೇಕ್ ಇರುತ್ತದೆ. ಒಂದು ಚೀಲದ ಮಾಲು ಮತ್ತೆ ಬಾಟಲಿಯಾಗಬಲ್ಲದು. ಇನ್ನೊಂದು ದಿಂಬಿಗೆ ತುಂಬುವ ನಾರಿಗೆ ಮಾತ್ರ ಸಲ್ಲುತ್ತದೆ, ಬೆಲೆಯೂ ಇಳಿಯುತ್ತದೆ. ಕಣ್ಣಿಗೆ ಕಾಣದ ಈ ವ್ಯತ್ಯಾಸ ಏನು, ಅದು ಎಲ್ಲಿ ಹುಟ್ಟುತ್ತದೆ ಎಂಬುದೇ ಇಂದಿನ ವಿಷಯ.

ಬಾಟಲಿಯ ಪ್ಲಾಸ್ಟಿಕ್ಕಿನ ಹೆಸರು ಪಾಲಿಎಥಿಲೀನ್ ಟೆರೆಫ್ತಾಲೇಟ್. ಎಲ್ಲರೂ ಅದನ್ನು ಪೆಟ್ ಎಂದೇ ಕರೆಯುತ್ತಾರೆ. 1941ರಲ್ಲಿ ಇಂಗ್ಲೆಂಡಿನ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಇದನ್ನು ನೂಲಿಗೆಂದು ಕಂಡುಹಿಡಿದರು. ಬಾಟಲಿಯಾಗಿ ಬಂದದ್ದು 1970ರ ದಶಕದಲ್ಲಿ. ಇದರ ಪ್ರತಿ ಅಣುವೂ ಒಂದೇ ಬಗೆಯ ಕೊಂಡಿಗಳು ಸಾಲಾಗಿ ಸೇರಿದ ಒಂದು ಉದ್ದನೆಯ ಸರಪಳಿ. ಒಂದು ಕೊಂಡಿಯ ತೂಕ 192. ಬಾಟಲಿಗೆ ಬಳಸುವ ಪೆಟ್‌ನ ಸರಪಳಿಯಲ್ಲಿ ಸರಾಸರಿ ಸುಮಾರು 125 ಕೊಂಡಿಗಳಿರುತ್ತವೆ. ಹಾಗಾಗಿ ಅಣುತೂಕ ಸುಮಾರು 24,000.

ಇಲ್ಲಿ ‘ಸರಾಸರಿ’ ಎಂಬ ಮಾತನ್ನು ಗಮನಿಸಿ. ನೀರಿನ ಅಣುಗಳೆಲ್ಲ ಒಂದೇ ತೂಕದವು, 18. ಪಾಲಿಮರ್ ಹಾಗಲ್ಲ. ಒಂದೇ ಚೂರಿನಲ್ಲಿ ಹತ್ತು ಕೊಂಡಿಯ ಗಿಡ್ಡ ಸರಪಳಿಯೂ ಇದೆ, ಐನೂರು ಕೊಂಡಿಯ ಉದ್ದ ಸರಪಳಿಯೂ ಇದೆ. ಹೀಗಿರುವಾಗ ಸರಾಸರಿ ತೆಗೆಯಲು ಒಂದಲ್ಲ, ಎರಡು ದಾರಿಗಳಿವೆ.

ಒಂದು ಮೊಹಲ್ಲಾದಲ್ಲಿ ಹತ್ತು ಮನೆಗಳಿವೆ ಎಂದುಕೊಳ್ಳಿ. ಒಂಬತ್ತು ಮನೆಗಳಲ್ಲಿ ತಲಾ ಇಬ್ಬರು, ಹತ್ತನೆಯದು 22 ಜನರ ಕೂಡು ಕುಟುಂಬ. ಒಟ್ಟು ಜನ 40. ಪ್ರತಿ ಮನೆಯ ಬಾಗಿಲು ತಟ್ಟಿ ಎಷ್ಟು ಜನ ಎಂದು ಬರೆದುಕೊಂಡರೆ ಸರಾಸರಿ 40 ಭಾಗಿಸು 10, ಅಂದರೆ 4. ಈಗ ಮನೆಯ ಬದಲು ಮನುಷ್ಯರನ್ನು ಕೇಳಿ. ಜುಮಾ ನಮಾಜ್ ಮುಗಿದ ಮೇಲೆ ನಲವತ್ತು ಮಂದಿಯನ್ನೂ ಒಬ್ಬೊಬ್ಬರಾಗಿ ‘ನಿಮ್ಮ ಮನೆಯಲ್ಲಿ ಎಷ್ಟು ಜನ?’ ಎಂದು ವಿಚಾರಿಸಿದರೆ 18 ಮಂದಿ ಎರಡು ಎನ್ನುತ್ತಾರೆ, 22 ಮಂದಿ ಇಪ್ಪತ್ತೆರಡು ಎನ್ನುತ್ತಾರೆ. ಈ ಉತ್ತರಗಳ ಸರಾಸರಿ 13. ಮೊಹಲ್ಲಾ ಒಂದೇ. ಒಂದು ಲೆಕ್ಕ 4 ಎನ್ನುತ್ತದೆ, ಇನ್ನೊಂದು 13 ಎನ್ನುತ್ತದೆ. ಎರಡೂ ಸುಳ್ಳಲ್ಲ, ಕೇಳಿದ ಪ್ರಶ್ನೆಯೇ ಬೇರೆ.

ಮನೆಯನ್ನು ಸರಪಳಿ ಎಂದು, ಮನುಷ್ಯನನ್ನು ಕೊಂಡಿ ಎಂದು ಓದಿಕೊಳ್ಳಿ. ಸರಪಳಿಗಳನ್ನು ಎಣಿಸಿ ತೆಗೆದದ್ದು ಸಂಖ್ಯಾ ಸರಾಸರಿ ಅಣುತೂಕ. ಪ್ರತಿ ಕೊಂಡಿಯನ್ನೂ ಅದು ಎಷ್ಟು ದೊಡ್ಡ ಸರಪಳಿಯಲ್ಲಿದೆ ಎಂದು ಕೇಳಿ ತೆಗೆದದ್ದು ತೂಕ ಸರಾಸರಿ ಅಣುತೂಕ. ಪುಸ್ತಕದಲ್ಲಿ ಇವನ್ನು ಹೀಗೆ ಬರೆಯುತ್ತಾರೆ:

Mn = ΣNiMi / ΣNi

Mw = ΣNiMi² / ΣNiMi

ಇದರಲ್ಲಿ Ni ಎಂದರೆ Mi ತೂಕದ ಸರಪಳಿಗಳ ಸಂಖ್ಯೆ. ತೂಕ ಸರಾಸರಿ ಯಾವಾಗಲೂ ಹೆಚ್ಚು, ಎಲ್ಲ ಸರಪಳಿಗಳೂ ಒಂದೇ ಉದ್ದವಿದ್ದರೆ ಮಾತ್ರ ಎರಡೂ ಸಮ. ಪೆಟ್‌ನಲ್ಲಿ ತೂಕ ಸರಾಸರಿಯು ಸಂಖ್ಯಾ ಸರಾಸರಿಯ ಸುಮಾರು ಎರಡರಷ್ಟು, ಅಂದರೆ 24,000ಕ್ಕೆ 48,000.

ಎರಡು ಸರಾಸರಿ ಏಕೆ ಬೇಕು? ಒಂದೊಂದೂ ಒಂದೊಂದು ಗುಣವನ್ನು ಹೇಳುತ್ತದೆ. ಮೊದಲು ಬಲವನ್ನು ನೋಡೋಣ. ಸರಪಳಿಗಳು ಒಂದಕ್ಕೊಂದು ಸಿಕ್ಕಿಕೊಂಡಿರುವುದರಿಂದಲೇ ಪ್ಲಾಸ್ಟಿಕ್ ಎಳೆತವನ್ನು ತಡೆಯುತ್ತದೆ. ಸರಪಳಿಯ ತುದಿ ಮಾತ್ರ ಯಾವುದನ್ನೂ ಹಿಡಿದಿರುವುದಿಲ್ಲ, ಸುಲಭವಾಗಿ ಜಾರಿ ಹೊರಬರುತ್ತದೆ. ಆದುದರಿಂದ ಒಂದು ಕಿಲೋ ಮಾಲಿನಲ್ಲಿ ತುದಿಗಳು ಹೆಚ್ಚಿದಷ್ಟೂ ಬಲ ಕಡಿಮೆ. ಪ್ರತಿ ಸರಪಳಿಗೆ ಎರಡೇ ತುದಿ, ಹಾಗಾಗಿ ತುದಿಗಳ ಲೆಕ್ಕವೆಂದರೆ ಸರಪಳಿಗಳ ಲೆಕ್ಕ, ಅಂದರೆ ಸಂಖ್ಯಾ ಸರಾಸರಿ. ಅಮೆರಿಕದ ಪಾಲ್ ಫ್ಲೋರಿ 1945ರಲ್ಲಿ ಇದನ್ನು ಸೂತ್ರವಾಗಿ ಬರೆದರು:

σ = σ∞ − A/Mn

ಸಂಖ್ಯಾ ಸರಾಸರಿ ಚಿಕ್ಕದಿರುವಾಗ ಅದು ಸ್ವಲ್ಪ ಏರಿದರೂ ಬಲ ಬೇಗ ಏರುತ್ತದೆ. ಒಂದು ಮಟ್ಟ ದಾಟಿದ ಮೇಲೆ ಎಷ್ಟು ಏರಿಸಿದರೂ ಬಲ ಹೆಚ್ಚುಕಡಿಮೆ ಅಲ್ಲೇ ನಿಲ್ಲುತ್ತದೆ.

ಇನ್ನು ಹರಿವು. ಕರಗಿದ ಪ್ಲಾಸ್ಟಿಕ್ ಅಚ್ಚಿನೊಳಗೆ ಹರಿಯುವಾಗ ತಡೆಯೊಡ್ಡುವವು ಉದ್ದನೆಯ ಸರಪಳಿಗಳು. ಕೆಲವೇ ಇದ್ದರೂ ಅವು ಹಲವು ಸರಪಳಿಗಳೊಂದಿಗೆ ಸಿಕ್ಕಿಕೊಂಡು ಎಲ್ಲವನ್ನೂ ನಿಧಾನಿಸುತ್ತವೆ. ಹೀಗಾಗಿ ಹರಿವನ್ನು ಹೇಳುವುದು ತೂಕ ಸರಾಸರಿ. ನಿಧಾನವಾಗಿ ಹರಿಯುವ ದ್ರವದಲ್ಲಿ ಸ್ನಿಗ್ಧತೆಯು ತೂಕ ಸರಾಸರಿಯ 3.4ನೇ ಘಾತಕ್ಕೆ ತಕ್ಕಂತೆ ಏರುತ್ತದೆ. ತೂಕ ಸರಾಸರಿ ಎರಡರಷ್ಟಾದರೆ ಸ್ನಿಗ್ಧತೆ ಎರಡರಷ್ಟಲ್ಲ, ಹತ್ತು ಪಟ್ಟಿಗೂ ಹೆಚ್ಚು. ಕಾರ್ಖಾನೆಯವರ ಇಕ್ಕಟ್ಟು ಇಲ್ಲಿದೆ. ಸರಪಳಿಯನ್ನು ಉದ್ದ ಮಾಡುತ್ತಾ ಹೋದರೆ ಬಲದ ಲಾಭ ನಿಂತುಹೋಗುತ್ತದೆ, ಯಂತ್ರಕ್ಕೆ ಬೀಳುವ ಹೊರೆ ಮಾತ್ರ ಏರುತ್ತಲೇ ಇರುತ್ತದೆ. ಬಾಟಲಿಯ ಪೆಟ್ ಈ ಎರಡರ ನಡುವೆ ಆರಿಸಿಕೊಂಡ ಒಂದು ಜಾಗ.

ಈಗ ಆ ಎರಡು ಚೀಲಗಳಿಗೆ ಬರೋಣ. ಪೆಟ್ ಗಾಳಿಯ ತೇವವನ್ನು ಹೀರುತ್ತದೆ. ಒಂದು ಕಿಲೋಗೆ ಒಂದು ಗ್ರಾಂ ನೀರು, ಅಂದರೆ 0.1 ಶೇಕಡಾ, ನಮ್ಮ ಕರಾವಳಿಯ ಮಳೆಗಾಲದಲ್ಲಿ ದೊಡ್ಡ ಮಾತಲ್ಲ. ಮುಟ್ಟಿದರೆ ಫ್ಲೇಕ್ ಒಣಗಿಯೇ ಇರುತ್ತದೆ. ಇದನ್ನು ಹಾಗೆಯೇ 280 ಡಿಗ್ರಿಯಲ್ಲಿ ಕರಗಿಸಿದರೆ ನೀರಿನ ಒಂದು ಅಣು ಒಂದು ಸರಪಳಿಯನ್ನು ಒಂದು ಕಡೆ ಕತ್ತರಿಸುತ್ತದೆ. ಒಂದು ಸರಪಳಿ ಎರಡಾಗುತ್ತದೆ.

ಲೆಕ್ಕ ಮಾಡೋಣ. ಸಂಖ್ಯಾ ಸರಾಸರಿ 24,000 ಎಂದರೆ 24,000 ಗ್ರಾಂ ಪೆಟ್‌ನಲ್ಲಿ ಒಂದು ಮೋಲ್ ಸರಪಳಿಗಳಿವೆ ಎಂದರ್ಥ. ಅಷ್ಟು ಪೆಟ್‌ನಲ್ಲಿ 0.1 ಶೇಕಡಾ ನೀರೆಂದರೆ 24 ಗ್ರಾಂ. ನೀರಿನ 18 ಗ್ರಾಂ ಒಂದು ಮೋಲ್, ಹಾಗಾದರೆ ಇಲ್ಲಿ 1.33 ಮೋಲ್ ನೀರಿದೆ. ಎಲ್ಲವೂ ಕತ್ತರಿಯ ಕೆಲಸ ಮಾಡಿದರೆ ಒಂದು ಮೋಲ್ ಸರಪಳಿ 2.33 ಮೋಲ್ ಆಗುತ್ತದೆ. ತೂಕ ಅಷ್ಟೇ, ಸರಪಳಿ ಮಾತ್ರ ಹೆಚ್ಚು. 24,000ವನ್ನು 2.33ರಿಂದ ಭಾಗಿಸಿದರೆ ಹೊಸ ಸಂಖ್ಯಾ ಸರಾಸರಿ ಸುಮಾರು 10,300. ಕಿಲೋಗೆ ಒಂದು ಗ್ರಾಂ ನೀರು ಸರಪಳಿಯನ್ನು ಅರ್ಧಕ್ಕಿಂತ ಕಡಿಮೆ ಮಾಡಿತು. ಈ ಮಾಲಿನಿಂದ ಬಾಟಲಿ ಮಾಡಿದರೆ ಅದು ಬಿದ್ದರೆ ಒಡೆಯುವಷ್ಟು ಪೆಡಸಾಗಿರುತ್ತದೆ.

ಹರಿವಿನ ಕಡೆ ಇನ್ನೂ ಹೆಚ್ಚಿನ ಪೆಟ್ಟು ಬೀಳುತ್ತದೆ. ಕತ್ತರಿ ಎಲ್ಲೆಂದರಲ್ಲಿ ಬೀಳುವುದರಿಂದ ಎರಡು ಸರಾಸರಿಗಳ ಅನುಪಾತ ಎರಡರ ಸುತ್ತಲೇ ಉಳಿಯುತ್ತದೆ. ತೂಕ ಸರಾಸರಿ 48,000ದಿಂದ 20,600ಕ್ಕೆ ಇಳಿಯುತ್ತದೆ. 3.4ನೇ ಘಾತದ ಲೆಕ್ಕದಲ್ಲಿ ಸ್ನಿಗ್ಧತೆ ಹದಿನೆಂಟರಲ್ಲಿ ಒಂದು ಪಾಲಾಗುತ್ತದೆ. ಜೇನಿನಂತೆ ಇಳಿಯಬೇಕಾದದ್ದು ನೀರಾಗಿ ಯಂತ್ರದ ಮೂತಿಯಿಂದ ಸೋರುತ್ತದೆ, ಅಚ್ಚಿನ ಸಂದುಗಳಲ್ಲಿ ನುಗ್ಗಿ ಅಂಚುಕಟ್ಟುತ್ತದೆ.

ಇದಕ್ಕೆ ಮದ್ದು ಒಣಗಿಸುವುದು. ಟಾರ್ಪಾಲಿನ ಮೇಲೆ ಬಿಸಿಲಿಗೆ ಹರವಿದರೆ ಮೇಲಿನ ನೀರು ಹೋಗುತ್ತದೆ, ಚೂರಿನ ಒಳಗೆ ಸೇರಿದ ತೇವ ಹೋಗುವುದಿಲ್ಲ. ಇಬ್ಬನಿ ಬಿಂದು −40 ಡಿಗ್ರಿಯಷ್ಟಿರುವ ಒಣ ಗಾಳಿಯನ್ನು 160ರಿಂದ 170 ಡಿಗ್ರಿಗೆ ಕಾಯಿಸಿ ನಾಲ್ಕರಿಂದ ಆರು ಗಂಟೆ ಹಾಯಿಸಬೇಕು. ನೀರು ಹತ್ತು ಲಕ್ಷಕ್ಕೆ 50 ಭಾಗಕ್ಕಿಂತ ಕೆಳಗೆ ಬರಬೇಕು. ಆ ಮಟ್ಟದಲ್ಲಿ ನಮ್ಮ 24,000 ಗ್ರಾಂನಲ್ಲಿ ಉಳಿಯುವ ನೀರು 1.2 ಗ್ರಾಂ. ಅದೇ ಲೆಕ್ಕ ಹಾಕಿ ನೋಡಿ, ಸಂಖ್ಯಾ ಸರಾಸರಿ 22,500ರಲ್ಲಿ ನಿಲ್ಲುತ್ತದೆ. ಬಾಟಲಿಗೆ ಅದು ಸಾಕು. ಒಣಗಿಸಿದ ಮಾಲನ್ನು ತೆರೆದ ಚೀಲದಲ್ಲಿಟ್ಟರೆ ಮತ್ತೆ ತೇವ ಹೀರುತ್ತದೆ. ಡ್ರೈಯರಿನಿಂದ ನೇರವಾಗಿ ಯಂತ್ರಕ್ಕೇ ಹೋಗಬೇಕು.

ತಪ್ಪಾಗಿದೆ ಎಂದು ತಿಳಿಯುವುದು ಹೇಗೆ? ಕಣ್ಣನ್ನು ನಂಬಬೇಡಿ. ಎಷ್ಟೋ ಪ್ಲಾಸ್ಟಿಕ್ಕುಗಳಲ್ಲಿ ತೇವವಿದ್ದರೆ ಬೆಳ್ಳಿಗೆರೆ ಮೂಡಿ ಎಚ್ಚರಿಸುತ್ತದೆ. ಪೆಟ್‌ನಲ್ಲಿ ನೀರು ಸರಪಳಿಯನ್ನು ಕತ್ತರಿಸುವುದರಲ್ಲೇ ಮುಗಿದುಹೋಗುವುದರಿಂದ ಹೊರಬಂದ ಸಾಮಾನು ಸ್ವಚ್ಛವಾಗಿಯೇ ಕಾಣಬಹುದು. ಸರಿಯಾದ ಪರೀಕ್ಷೆಯೆಂದರೆ ಅದನ್ನು ದ್ರಾವಕದಲ್ಲಿ ಕರಗಿಸಿ ಗಾಜಿನ ಸಣ್ಣ ನಾಳದಲ್ಲಿ ಹರಿಯುವ ಸಮಯವನ್ನು ಅಳೆಯುವುದು. ಇದರಿಂದ ಬರುವ ಅಂಕಿಗೆ ಇಂಟ್ರಿನ್ಸಿಕ್ ವಿಸ್ಕಾಸಿಟಿ, ಕಾರ್ಖಾನೆಯ ಮಾತಿನಲ್ಲಿ ಐ.ವಿ. ಎನ್ನುತ್ತಾರೆ. ಬಾಟಲಿಯ ಪೆಟ್‌ಗೆ ಇದು 0.8ರ ಆಸುಪಾಸು, ನೂಲಿಗೆ 0.6ರ ಆಸುಪಾಸು. ಯಂತ್ರಕ್ಕೆ ಹಾಕುವ ಮೊದಲು ಒಮ್ಮೆ, ಹೊರಬಂದ ಮೇಲೆ ಒಮ್ಮೆ ಅಳೆದು ನೋಡಬೇಕು. ಇಳಿಕೆ 0.04ಕ್ಕಿಂತ ಹೆಚ್ಚಿದ್ದರೆ ಡ್ರೈಯರನ್ನು ಮೊದಲು ಪರೀಕ್ಷಿಸಿ. ಡ್ರೈಯರ್ ಸರಿಯಿದ್ದರೆ ತೊಳೆದ ಕಾಸ್ಟಿಕ್ ಸೋಡಾ ಫ್ಲೇಕ್‌ನಲ್ಲಿ ಉಳಿದಿದೆಯೇ, ಪಿವಿಸಿ ಚೂರು ಸೇರಿದೆಯೇ ನೋಡಿ. ಇವೆರಡೂ ಸರಪಳಿ ಕತ್ತರಿಸುವುದಕ್ಕೆ ನೆರವಾಗುತ್ತವೆ.

ತುಂಡಾದ ಸರಪಳಿಯನ್ನು ಮತ್ತೆ ಬೆಸೆಯಬಹುದೇ? ಬೆಸೆಯಬಹುದು, ದಾರಿ ಎರಡು. ಒಂದು, ಚೂರುಗಳನ್ನು ಕರಗಿಸದೆ ನಿರ್ವಾತದಲ್ಲಿ ಅಥವಾ ನೈಟ್ರೋಜನ್‌ನಲ್ಲಿ 200ರಿಂದ 220 ಡಿಗ್ರಿಯಲ್ಲಿ ಹಲವು ಗಂಟೆ ಇಡುವುದು. ತುದಿಗೆ ತುದಿ ಸೇರುತ್ತದೆ, ಸರಪಳಿಗಳ ಸಂಖ್ಯೆ ನಿಜವಾಗಿ ಇಳಿಯುತ್ತದೆ, ಎರಡು ಸರಾಸರಿಗಳೂ ಒಟ್ಟಿಗೆ ಏರುತ್ತವೆ. ಇನ್ನೊಂದು, ಹಲವು ಕೈಗಳಿರುವ ರಾಸಾಯನಿಕವೊಂದನ್ನು ಬೆರೆಸಿ ನಿಮಿಷಗಳಲ್ಲಿ ಜೋಡಿಸುವುದು. ಇದು ಅಗ್ಗ ಮತ್ತು ಬೇಗ. ಆದರೆ ಕೆಲವೇ ಸರಪಳಿಗಳು ಕವಲೊಡೆದು ಬಹಳ ದೊಡ್ಡವಾಗುತ್ತವೆ, ಗಿಡ್ಡವು ಎಷ್ಟೋ ಹಾಗೆಯೇ ಉಳಿಯುತ್ತವೆ. ನಮ್ಮ ಮೊಹಲ್ಲಾದಲ್ಲಿ ಕೂಡು ಕುಟುಂಬಕ್ಕೆ ಇನ್ನೂ ಕೆಲವರು ಸೇರಿಕೊಂಡಂತೆ. ತೂಕ ಸರಾಸರಿ ಜಿಗಿಯುತ್ತದೆ, ಸಂಖ್ಯಾ ಸರಾಸರಿ ಅಷ್ಟು ಏರುವುದಿಲ್ಲ. ಐ.ವಿ. ಅಂಕಿಯೂ ದೊಡ್ಡ ಸರಪಳಿಗಳ ಕಡೆಗೇ ವಾಲುವುದರಿಂದ ಕಾಗದದ ಮೇಲೆ 0.8 ಎಂದು ಬರಬಹುದು. ತುದಿಗಳ ಲೆಕ್ಕ ಮಾತ್ರ ಹಳೆಯದರ ಹತ್ತಿರವೇ ಇರುತ್ತದೆ.

ಆದ್ದರಿಂದ ನಾಳೆ ನಿಮ್ಮಲ್ಲಿ ಯಾರಾದರೂ ಇಂಥ ಮಾಲನ್ನು ಕೊಳ್ಳುವಾಗಲೋ ಮಾರುವಾಗಲೋ ‘ಐ.ವಿ. ಎಷ್ಟು?’ ಎಂಬುದಕ್ಕೇ ನಿಲ್ಲಬೇಡಿ. ‘ಅದನ್ನು ಯಾವ ದಾರಿಯಲ್ಲಿ ಏರಿಸಿದ್ದು?’ ಎಂದೂ ಕೇಳಿ. ಮೊದಲ ಪ್ರಶ್ನೆಗೆ ಬರುವ ಉತ್ತರ ಮಾಲು ಹೇಗೆ ಹರಿಯುತ್ತದೆ ಎಂಬುದನ್ನು ಹೇಳುತ್ತದೆ. ಎರಡನೆಯದು ಬಾಟಲಿ ತಾಳುತ್ತದೆಯೋ ಇಲ್ಲವೋ ಎಂಬುದನ್ನು ಹೇಳುತ್ತದೆ.