ಉಸಿರಿಗೂ ಡೆಲಿವರಿ ಚಾರ್ಜ್ ಇದೆ! ಯೋಗದ ಉಸಿರು, ಬೆಟ್ಟ ಹತ್ತೋ ಉಸಿರು

ಇಯರ್‌ಫೋನ್ ಹಾಕ್ಕೊಂಡು ವಾಕಿಂಗ್ ಮಾಡ್ತಾ ಕೇಳ್ತಿರೋರಿಗೂ, ಬಸ್ಸಲ್ಲಿ ನಿಂತ್ಕೊಂಡು ಕೇಳ್ತಿರೋರಿಗೂ ಸ್ವಾಗತ.

ಇವತ್ತಿನ ವಿಷಯ ಒಬ್ಬ ಕೇಳುಗರ ಪ್ರಶ್ನೆಯಿಂದ ಬಂದಿದ್ದು. ಅವರು ದಿನಾ ಬೆಳಿಗ್ಗೆ ಪ್ರಾಣಾಯಾಮ ಮಾಡ್ತಾರೆ, ನಿಮಿಷಕ್ಕೆ ಆರೇ ಉಸಿರು. ಭಾನುವಾರ ಮೈಸೂರಲ್ಲಿ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವಾಗಲೂ ಅದೇ ನಿಧಾನದ ಉಸಿರನ್ನು ಹಿಡಿಯೋಕೆ ನೋಡಿದ್ರಂತೆ. ನೂರು ಮೆಟ್ಟಿಲು ದಾಟೋಷ್ಟರಲ್ಲಿ ಬಾಯಿ ತೆರೆದು ಏದುಸಿರು. "ನನ್ನ ಅಭ್ಯಾಸ ವೇಸ್ಟಾ?" ಅಂತ ಕೇಳಿದ್ದಾರೆ.

ವೇಸ್ಟ್ ಅಲ್ಲ. ಆದ್ರೆ ಅವೆರಡೂ ಬೇರೆ ಬೇರೆ ಕೆಲಸ.

ಮೊದಲು ಸುಮ್ಮನೆ ಕೂತಾಗ ಏನಾಗುತ್ತೆ ನೋಡೋಣ. ಎದೆಗೂಡಿಗೂ ಹೊಟ್ಟೆಗೂ ನಡುವೆ ಕೊಡೆಯ ಆಕಾರದ ಒಂದು ಸ್ನಾಯು ಇದೆ. ಸ್ಕೂಲ್ ಪುಸ್ತಕದಲ್ಲಿ ವಪೆ ಅಂತ ಓದಿರ್ತೀರ, ಡಯಾಫ್ರಮ್. ಅದು ಬಿಗಿಯಾದಾಗ ಕೆಳಗಿಳಿಯುತ್ತೆ, ಮೇಲೆ ಶ್ವಾಸಕೋಶಕ್ಕೆ ಜಾಗ ಆಗುತ್ತೆ, ಗಾಳಿ ಒಳಗೆ ಬರುತ್ತೆ. ಕೆಳಗಿರೋ ಕರುಳು, ಲಿವರ್ ಎಲ್ಲ ಮುಂದಕ್ಕೆ ತಳ್ಳಿಸಿಕೊಳ್ಳೋದ್ರಿಂದ ಹೊಟ್ಟೆ ಉಬ್ಬುತ್ತೆ. "ಹೊಟ್ಟೆಗೆ ಗಾಳಿ ತುಂಬಿ" ಅಂತ ಹೇಳಿಕೊಡೋರು ಇದಾರಲ್ಲ, ಅದು ಬರೀ ಮಾತಿನ ರೂಢಿ, ಹೊಟ್ಟೆಗೆ ಗಾಳಿ ಹೋಗಲ್ಲ. ಉಸಿರು ಬಿಡುವಾಗ ಯಾವ ಸ್ನಾಯುವೂ ಕಷ್ಟಪಡಬೇಕಿಲ್ಲ. ವಪೆ ಸಡಿಲ ಆಗುತ್ತೆ, ಹಿಗ್ಗಿದ್ದ ಶ್ವಾಸಕೋಶ ರಬ್ಬರ್ ಥರ ತಾನೇ ಕುಗ್ಗುತ್ತೆ.

ಹೀಗೆ ಒಂದು ಸಲಕ್ಕೆ ಒಳಗೆ ಹೋಗೋದು ಸುಮಾರು ಅರ್ಧ ಲೀಟರ್, ಅಂದ್ರೆ 500 ಮಿಲಿ. ನಿಮಿಷಕ್ಕೆ 12 ಉಸಿರು ಅಂದ್ರೆ 6 ಲೀಟರ್.

ಈಗ ನನ್ನ ಬಿಕಾಂ ತಲೆ ಸ್ವಲ್ಪ ಕೆಲಸಕ್ಕೆ ಬರುತ್ತೆ. ಮೂಗು, ಗಂಟಲು, ಶ್ವಾಸನಾಳ ಇವೆಲ್ಲ ಬರೀ ಪೈಪ್. ರಕ್ತಕ್ಕೂ ಗಾಳಿಗೂ ಕೊಡುಕೊಳ್ಳುವಿಕೆ ನಡೆಯೋದು ಶ್ವಾಸಕೋಶದ ತುದಿಯಲ್ಲಿರೋ ಪುಟ್ಟ ಗಾಳಿಗೂಡುಗಳಲ್ಲಿ ಮಾತ್ರ. ಪ್ರತಿ ಉಸಿರಿನಲ್ಲೂ ಸುಮಾರು 150 ಮಿಲಿ ಗಾಳಿ ಪೈಪಲ್ಲೇ ನಿಂತು ವಾಪಸ್ ಬರುತ್ತೆ. ಆರ್ಡರ್ ಎಷ್ಟೇ ಸಣ್ಣದಿರಲಿ, ದೊಡ್ಡದಿರಲಿ, ಡೆಲಿವರಿ ಚಾರ್ಜ್ ಅಷ್ಟೇ.

ಲೆಕ್ಕ ಹಾಕೋಣ. ಮಾಮೂಲಿ ಉಸಿರಿನಲ್ಲಿ 500ರಲ್ಲಿ 150 ಕಳೆದರೆ 350. ಅದನ್ನು 12ರಿಂದ ಗುಣಿಸಿದ್ರೆ 4.2 ಲೀಟರ್ ಗಾಳಿ ಗೂಡು ಮುಟ್ಟುತ್ತೆ. ಈಗ ಪ್ರಾಣಾಯಾಮ: ನಿಮಿಷಕ್ಕೆ 6 ಉಸಿರು, ಒಂದೊಂದೂ 1 ಲೀಟರ್. ಒಟ್ಟು ಅದೇ 6 ಲೀಟರ್, ಆದ್ರೆ ಗೂಡು ಮುಟ್ಟೋದು 5.1. ಟೆನ್ಷನ್ ಆದಾಗಿನ ಚಿಕ್ಕ ಚಿಕ್ಕ ಉಸಿರು ತಗೊಳ್ಳಿ, 250 ಮಿಲಿ, ನಿಮಿಷಕ್ಕೆ 24. ಒಟ್ಟು ಮತ್ತೆ 6 ಲೀಟರೇ. ಗೂಡು ಮುಟ್ಟೋದು ಬರೀ 2.4! ಒಂದೇ ಖರ್ಚು, ಅರ್ಧಕ್ಕಿಂತ ಕಡಿಮೆ ಮಾಲು.

ನಿಧಾನದ ಉಸಿರಿನ ಈ ಲಾಭ ನಿಜ. ಆದ್ರೆ ಇದನ್ನೇ ಹಿಡ್ಕೊಂಡು "ಆಕ್ಸಿಜನ್ ಡಬಲ್ ಆಗುತ್ತೆ" ಅನ್ನೋ ರೀಲ್ಸ್ ನೋಡ್ತೀರಲ್ಲ, ಅದನ್ನ ನಂಬಬೇಡಿ. ಆರೋಗ್ಯವಂತರ ರಕ್ತ ಸುಮ್ಮನೆ ಕೂತಾಗಲೇ ಆಕ್ಸಿಜನ್‌ನಿಂದ ಹೆಚ್ಚುಕಮ್ಮಿ ತುಂಬಿರುತ್ತೆ, ಬೆರಳಿಗೆ ಹಾಕೋ ಆಕ್ಸಿಮೀಟರ್ 97, 98 ತೋರಿಸುತ್ತೆ. ಅಲ್ಲಿಂದ ಮೇಲೆ ತುಂಬೋಕೆ ಜಾಗ ಎಲ್ಲಿದೆ? ಜಾಸ್ತಿ ಗಾಳಿ ಆಡಿಸಿದ್ರೆ ಮುಖ್ಯವಾಗಿ ಬದಲಾಗೋದು ಕಾರ್ಬನ್ ಡೈಆಕ್ಸೈಡ್, ಅದು ಹೊರಗೆ ಹೋಗಿಬಿಡುತ್ತೆ. ಆರು ಉಸಿರನ್ನೇ ಒಂದೂವರೆ ಲೀಟರಿನಷ್ಟು ಎಳೆದು ಎಳೆದು ಮಾಡಿದ್ರೆ ಗೂಡು ಮುಟ್ಟೋ ಗಾಳಿ 8.1 ಲೀಟರ್, ಮಾಮೂಲಿಯ ಹತ್ತತ್ರ ಎರಡರಷ್ಟು. ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಇಳಿದಾಗ ಮಿದುಳಿನ ರಕ್ತನಾಳ ಕಿರಿದಾಗುತ್ತೆ. ತಲೆ ಹಗುರ ಆದಂಗೆ, ಬೆರಳ ತುದಿ, ತುಟಿ ಸುತ್ತ ಜುಮ್ ಅಂದಂಗೆ ಆಗುತ್ತೆ. ಕೆಲವರು ಇದನ್ನ "ಎನರ್ಜಿ" ಅಂತಾರೆ. ಅದು ಜಾಸ್ತಿ ಎಳೀತಿದೀರ ಅನ್ನೋದರ ಸೂಚನೆ. ನಿಧಾನ ಹಾಗೇ ಇರಲಿ, ಉಸಿರಿನ ಗಾತ್ರ ಕಡಿಮೆ ಮಾಡಿ.

ಈಗ ಬೆಟ್ಟಕ್ಕೆ ಬರೋಣ. ಮೆಟ್ಟಿಲು ಹತ್ತುವಾಗ ತೊಡೆಯ ಸ್ನಾಯುಗಳು ಕಾರ್ಬನ್ ಡೈಆಕ್ಸೈಡನ್ನು ಹಲವು ಪಟ್ಟು ಜಾಸ್ತಿ ತಯಾರಿಸ್ತವೆ. ಒಂದು ಉಸಿರಿಗೆ 2 ಲೀಟರ್, ನಿಮಿಷಕ್ಕೆ 30 ಉಸಿರು ಅಂದುಕೊಳ್ಳಿ. ಒಟ್ಟು 60 ಲೀಟರ್. ಆರೇ ಉಸಿರಿನಲ್ಲಿ ಇದನ್ನ ಮಾಡ್ಬೇಕಂದ್ರೆ ಒಂದೊಂದು ಉಸಿರೂ 10 ಲೀಟರ್ ಆಗ್ಬೇಕು. ದೊಡ್ಡ ಗಂಡಸಿನ ಶ್ವಾಸಕೋಶ ಪೂರ್ತಿ ತುಂಬಿದ್ರೂ ಹಿಡಿಯೋದು 6 ಲೀಟರ್ ಆಸುಪಾಸು. ನಮ್ಮ ಕೇಳುಗರಿಗೆ ಏದುಸಿರು ಬಂದಿದ್ದು ಇದಕ್ಕೇ.

ನನಗೆ ತುಂಬ ಇಷ್ಟ ಆದ ವಿಷಯ ಇನ್ನು ಬರೋದು. ಮಾಮೂಲಿಯಾಗಿ ಉಸಿರು ಬಿಟ್ಟ ಮೇಲೂ ಒಳಗೆ ಸುಮಾರು 2.4 ಲೀಟರ್ ಗಾಳಿ ಉಳಿದಿರುತ್ತೆ. ಇದನ್ನ ವಿಶ್ರಾಂತಿಯ ಗೆರೆ ಅನ್ನೋಣ. ಕೂತು ಮಾಡೋ ಹೊಟ್ಟೆಯುಸಿರು ಹೆಚ್ಚಾಗಿ ಈ ಗೆರೆಯಿಂದ ಮೇಲಕ್ಕೆ ಹೋಗಿ ಮತ್ತೆ ಗೆರೆಗೆ ಬಂದು ನಿಲ್ಲುತ್ತೆ. ಮೆಟ್ಟಿಲು ಹತ್ತುವಾಗ ಹಾಗಲ್ಲ. ಒಳಗೆಳೆಯೋಕೆ ಪಕ್ಕೆಲುಬುಗಳ ನಡುವಿನ ಹೊರಪದರದ ಸ್ನಾಯುಗಳು ಜೋರಾಗಿ ಸೇರ್ಕೊಳ್ತವೆ, ಇನ್ನೂ ಸುಸ್ತಾದ್ರೆ ಕುತ್ತಿಗೆಯ ಸ್ನಾಯುಗಳೂ ಪಕ್ಕೆಲುಬನ್ನು ಮೇಲಕ್ಕೆತ್ತುತ್ತವೆ. ಓಟಗಾರರ ಕುತ್ತಿಗೆಯಲ್ಲಿ ಹಗ್ಗದ ಥರ ಎದ್ದು ಕಾಣುತ್ತಲ್ಲ, ಅದೇ. ಜೊತೆಗೆ, ಉಸಿರು ಬಿಡೋದೂ ಈಗ ದುಡಿಮೆ. ಹೊಟ್ಟೆಯ ಸ್ನಾಯುಗಳು ಒಳಕ್ಕೆ ಒತ್ತಿ, ಗೆರೆಗಿಂತ ಕೆಲವು ನೂರು ಮಿಲಿ ಕೆಳಗಿನವರೆಗೂ ಗಾಳಿ ಹೊರಗೆ ಹಾಕ್ತವೆ.

ಇದರ ಪ್ರಯೋಜನ ಏನು? ಹೊಟ್ಟೆ ಒತ್ತಿದಾಗ ವಪೆ ಇನ್ನೂ ಮೇಲಕ್ಕೆ ಹೋಗಿ ಉದ್ದ ಆಗುತ್ತೆ. ಸ್ನಾಯು ಸರಿಯಾಗಿ ಹಿಗ್ಗಿದ ಜಾಗದಿಂದ ಶುರು ಮಾಡಿದ್ರೆ ಎಳೆತ ಜೋರು. ಒತ್ತಿಟ್ಟ ಎದೆಗೂಡು ಸ್ಪ್ರಿಂಗ್ ಥರ ತಾನೇ ಹಿಗ್ಗೋಕೆ ನೋಡೋದ್ರಿಂದ ಮುಂದಿನ ಉಸಿರಿನ ಮೊದಲ ಭಾಗ ಹೆಚ್ಚುಕಮ್ಮಿ ಫ್ರೀ. ಅಂದ್ರೆ ಬೆಟ್ಟ ಹತ್ತುವಾಗ ಹೊಟ್ಟೆಯ ಕೆಲಸ ಉಬ್ಬೋದಕ್ಕಿಂತ ಒತ್ತೋದು. ಅಲ್ಲಿ ಯೋಗ ಕ್ಲಾಸಿನ ಹಾಗೆ ಹೊಟ್ಟೆ ಸಡಿಲ ಬಿಟ್ಟು ಉಬ್ಬಿಸ್ತಾ ಕೂತ್ರೆ ಈ ಸಹಾಯ ಕೈ ತಪ್ಪುತ್ತೆ. ಏದುಸಿರು ಬಂದಾಗ ಎಲ್ಲರೂ ಮಾಡೋದು ಇನ್ನೂ ಇನ್ನೂ ಒಳಗೆಳೆಯೋದು. ಹೊರಗೆ ಪೂರ್ತಿ ಹೋಗದೆ ಗಾಳಿ ಮೇಲ್ಮೇಲೆ ತುಂಬಿದ್ರೆ ಎದೆ ಉಬ್ಬಿಕೊಂಡೇ ಇರುತ್ತೆ, ವಪೆ ಚಪ್ಪಟೆಯಾಗಿ ಎಳೆಯೋ ಶಕ್ತಿ ಕಳ್ಕೊಳ್ಳುತ್ತೆ. ಎರಡು ಹೆಜ್ಜೆ ಜಾಸ್ತಿ ಉಸಿರು ಬಿಡೋಕೆ ಕೊಡಿ, ಒಳಗೆ ಬರೋದು ತಾನೇ ಬರುತ್ತೆ. ಆಸ್ತಮಾ ಇರೋರಿಗೆ ಈ ಗಾಳಿ ಸಿಕ್ಕಿಹಾಕಿಕೊಳ್ಳೋ ತೊಂದರೆ ಇನ್ನೂ ಬೇಗ ಬರುತ್ತೆ, ಅವರು ಡಾಕ್ಟರ್ ಹೇಳಿದ ಇನ್‌ಹೇಲರ್ ಬಿಟ್ಟು ಬೆಟ್ಟಕ್ಕೆ ಹೋಗಬಾರದು.

ಮನೆಯಲ್ಲಿ ನೋಡ್ಕೊಳ್ಳೋಕೆ ಒಂದು ವಿಧಾನ ಹೇಳ್ತೀನಿ. ಅಂಗಾತ ಮಲಗಿ ಒಂದು ಕೈ ಎದೆ ಮೇಲೆ, ಒಂದು ಕೈ ಹೊಟ್ಟೆ ಮೇಲೆ ಇಡಿ. ಉಸಿರು ಎಳೆದಾಗ ಹೊಟ್ಟೆಯ ಕೈ ಮೊದಲು ಏಳಬೇಕು, ಕೆಳಗಿನ ಪಕ್ಕೆಲುಬುಗಳೂ ಅಕ್ಕಪಕ್ಕಕ್ಕೆ ಅಗಲ ಆಗ್ಬೇಕು. ಪಕ್ಕೆಲುಬು ಅಲುಗಾಡದೆ ಹೊಟ್ಟೆ ಮಾತ್ರ ಮುಂದೆ ಬರ್ತಿದ್ರೆ ನೀವು ಹೊಟ್ಟೆಯನ್ನ ಬೇಕಂತ ತಳ್ತಿದೀರ. ಮೂಗು ಮುಚ್ಕೊಂಡು ಉಸಿರೇ ಇಲ್ಲದೆ ಹೊಟ್ಟೆ ಉಬ್ಬಿಸಿ ನೋಡಿ, ಬರುತ್ತೆ! ಹಾಗಾಗಿ ಹೊಟ್ಟೆ ಒಂದನ್ನೇ ನೋಡಿ ತೀರ್ಮಾನ ಮಾಡೋಕಾಗಲ್ಲ. ಭುಜ ಕಿವಿ ಕಡೆ ಏರ್ತಿದ್ರೆ ಕುತ್ತಿಗೆಯ ಸ್ನಾಯು ಸುಮ್ಮನೆ ದುಡೀತಿದೆ ಅಂತ.

ಪ್ರಶ್ನೆ ಕೇಳಿದವರೇ, ನೀವು ಕಲಿತಿರೋದು ಉಪಯೋಗಕ್ಕೆ ಬರೋದು ಹತ್ತುವಾಗ ಅಲ್ಲ, ನಂದಿ ಹತ್ರ ನಿಂತು ಸುಧಾರಿಸಿಕೊಳ್ಳುವಾಗ. ಅಲ್ಲೂ ಮೊದಲ ಒಂದೆರಡು ನಿಮಿಷ ದೇಹ ತನಗೆ ಬೇಕಾದಷ್ಟು ಏದುಸಿರು ಬಿಡಲಿ, ಸೇರಿರೋ ಕಾರ್ಬನ್ ಡೈಆಕ್ಸೈಡ್ ಹೊರಗೆ ಹೋಗ್ಬೇಕಲ್ಲ. ಮಾತಾಡೋಕೆ ಪೂರ್ತಿ ಒಂದು ವಾಕ್ಯ ಬಂದಾಗ ಬಾಯಿ ಮುಚ್ಚಿ, ನಿಧಾನದ ಉಸಿರು ಶುರು ಮಾಡಿ.

ಮುಂದಿನ ವಾರ ಮತ್ತೆ ಸಿಗ್ತೀನಿ. ನಿಮ್ಮ ಪ್ರಶ್ನೆ ಇದ್ರೆ ವಾಯ್ಸ್ ನೋಟ್ ಕಳಿಸಿ, ಎರಡು ನಿಮಿಷದ ಒಳಗಿರಲಿ ಪ್ಲೀಸ್.